ಅರಿಶಿನ ಶಾಸ್ತ್ರಕ್ಕೆ ಕರೆಯದ ಗೆಳತಿಗೆ ಬೇಜಾರು ಹೇಳುವುದು ಹೇಗೆ?

ಮದುವೆ ಮನೆಯಲ್ಲಿ ಕೆಲವು ಕೆಲಸಗಳು ನೆಂಟಸ್ತಿಕೆಯಿಂದಲೇ ಗೊತ್ತಾಗಿರುತ್ತವೆ. ಲಾಜಾಹೋಮದಲ್ಲಿ ಮದುಮಗಳ ಕೈಗೆ ಅರಳು ಹಾಕುವವನು ಅವಳ ಅಣ್ಣನೋ ತಮ್ಮನೋ. ಹಲವು ಮನೆಗಳಲ್ಲಿ ಅವಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಇಂಥ ಜಾಗ ಸಿಗಲಿಲ್ಲವೆಂದು ಸ್ನೇಹಿತರು ಮುನಿಸಿಕೊಳ್ಳುವುದಿಲ್ಲ. ಉಗ್ರಾಣದ ಬೀಗದ ಕೈ, ಛತ್ರದ ರೂಮುಗಳ ಹಂಚಿಕೆ, ಮುಯ್ಯಿ ಬರೆದುಕೊಳ್ಳುವುದು, ತಾಂಬೂಲದ ಚೀಲ ಕೊಡುವುದು, ಮದುಮಗಳ ಒಡವೆ ಕಾಯುವುದು: ಇವಕ್ಕೆ ಹುಟ್ಟಿನಿಂದ ಬಂದ ಹಕ್ಕುದಾರರಿಲ್ಲ. ಇವು ನಂಬಿಕೆಯ ಮೇಲೆ ಸಿಗುವಂಥವು. ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರಗಳು ಈ ಎರಡರ ನಡುವೆ ನಿಲ್ಲುತ್ತವೆ. ಗೆಳತಿಯರನ್ನು ಕರೆಯುವುದುಂಟು, ಆದರೆ ಅರಿಶಿನ ಹಚ್ಚುವುದು ಮುತ್ತೈದೆಯರು ಮಾತ್ರ ಎಂಬ ಕಟ್ಟು ಅನೇಕ ಮನೆಗಳಲ್ಲಿ ಇನ್ನೂ ಇದೆ. ಹೇಳಲಾಗದ ನೋವು ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಸುಧಾ, ವೀಣಾ ಎಂಬ ಇಬ್ಬರು ಹಾಸ್ಟೆಲ್ ಗೆಳತಿಯರಿದ್ದಾರೆ ಎಂದಿಟ್ಟುಕೊಳ್ಳಿ. ಸುಧಾಗೆ ವಿಚ್ಛೇದನವಾಗಿದೆ. ವೀಣಾ ಮನೆಗೇ ಬಂದು ಲಗ್ನಪತ್ರಿಕೆ ಕೊಟ್ಟು ಹೋಗಿದ್ದಾಳೆ. ಮದುವೆಯ ಹಿಂದಿನ ದಿನ ಹಾಸ್ಟೆಲಿನ ಉಳಿದ ಗೆಳತಿಯರೆಲ್ಲ ಅರಿಶಿನದ ಕೈಯಲ್ಲಿ ನಿಂತ ಫೋಟೋಗಳು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರುತ್ತವೆ. ಮರುದಿನ ಸುಧಾ ಛತ್ರಕ್ಕೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ, ಮುಯ್ಯಿ ಕೊಟ್ಟು ಮನೆಗೆ ಬರುತ್ತಾಳೆ. ಯಾಕೆ ಕರೆಯಲಿಲ್ಲ ಎಂದು ಯಾರೂ ಹೇಳಲಿಲ್ಲ. ಕಾರಣ ಏನಿರಬಹುದು ಎಂದು ಅವಳಿಗೂ ಗೊತ್ತು.

ಈ ಮಾತು ಎತ್ತಲು ಮದುವೆಯ ವಾರ ಸಲ್ಲದು. ಬೀಗರ ಔತಣ, ಹೊಸ ಮನೆ ಎಂದು ಓಡಾಡುವ ಹುಡುಗಿಗೆ ಅದು ಇನ್ನೊಂದು ತಾಪತ್ರಯವಾಗಿ ಕೇಳಿಸುತ್ತದೆ. ಹಳೇ ಮೈಸೂರು ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಹುಡುಗಿ ತವರಿಗೆ ಬರುವ ಪದ್ಧತಿಯಿದೆ. ಅಂಥ ಬಿಡುವು ಸಿಕ್ಕಿದರೆ ಅನುಕೂಲ. ಆದರೆ ಸೀಮಂತದವರೆಗೂ ನುಂಗಿಕೊಂಡು ಕೂತರೆ, ಅಂದು ಬೇರೇನೋ ಸಣ್ಣ ನೆಪಕ್ಕೆ ಎಲ್ಲ ಒಟ್ಟಿಗೆ ಹೊರಬೀಳುತ್ತದೆ. ಮೆಸೇಜಿನಲ್ಲಿ ಭೇಟಿಯ ಹೊತ್ತು ಕೇಳಿದರೆ ಸಾಕು. ಉಳಿದದ್ದು ಎದುರಿಗೇ ಆಗಬೇಕು. ಇನ್ನೊಬ್ಬ ಗೆಳತಿಯ ಮೂಲಕ ಹೇಳಿ ಕಳಿಸುವುದಂತೂ ಬೇಡವೇ ಬೇಡ. ಬೇಜಾರು ಅಷ್ಟರಲ್ಲಿ ಚಾಡಿಯಾಗಿರುತ್ತದೆ.

ಸುಧಾ ಹೀಗೆ ಶುರು ಮಾಡಬಹುದು: "ವೀಣಾ, ಒಂದು ಮಾತು ಮನಸ್ಸಲ್ಲೇ ಉಳಿದಿದೆ ಕಣೇ. ಅರಿಶಿನದ ದಿನ ನನ್ನನ್ನ ಕರೀಲಿಲ್ಲ. ಸ್ಟೇಟಸ್ ನೋಡಿ ಗೊತ್ತಾಯ್ತು. ತುಂಬಾ ಬೇಜಾರಾಯ್ತು. ಯಾಕೆ ಅಂತ ನಿನ್ನ ಬಾಯಿಂದಲೇ ಕೇಳ್ಬೇಕು."

ನಡೆದದ್ದು, ಅದು ತಿಳಿದ ಬಗೆ, ಆದ ನೋವು, ಒಂದು ಪ್ರಶ್ನೆ. ಇಷ್ಟೇ ಇರಲಿ. "ನಿನಗೋಸ್ಕರ ರಜಾ ಹಾಕಿದ್ದೆ, ಅಷ್ಟು ಮುಯ್ಯಿ ಮಾಡಿದೆ" ಎಂದು ಸೇರಿಸಿದರೆ ಮಾತು ಲೆಕ್ಕಾಚಾರಕ್ಕೆ ತಿರುಗುತ್ತದೆ. "ಅವಳನ್ನ ಕರೆದೆಯಲ್ಲ" ಎಂದರೆ ಸಂಬಂಧವಿಲ್ಲದ ಮೂರನೆಯವಳು ಸಿಕ್ಕಿಬೀಳುತ್ತಾಳೆ.

ವೀಣಾ ತಲೆತಗ್ಗಿಸಿ, "ದೊಡ್ಡಮ್ಮ ಬೇಡ ಅಂದ್ರು. ನಿನಗೆ ಹೇಳೋಕೆ ಮುಖ ಇರಲಿಲ್ಲ" ಅನ್ನಬಹುದು. ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಒಂದೋ ದೊಡ್ಡಮ್ಮನ ಮೇಲೆ ಹರಿಹಾಯುತ್ತಾರೆ, ಇಲ್ಲವೇ "ಹೋಗಲಿ ಬಿಡು, ಪರವಾಗಿಲ್ಲ" ಎಂದು ಅವಸರದಲ್ಲಿ ಮುಗಿಸಿ, ಮನೆಗೆ ಬಂದು ಮತ್ತೆ ಕೊರಗುತ್ತಾರೆ. ಸುಧಾ ಹೇಳಬೇಕಾದ್ದು ಬೇರೆ: "ದೊಡ್ಡಮ್ಮನ ಬಾಯಿ ಮುಚ್ಚಿಸೋದು ನಿನ್ನ ಕೈಲಿರಲಿಲ್ಲ, ಒಪ್ತೀನಿ. ಹಿಂದಿನ ದಿನ ನನಗೊಂದು ಫೋನ್ ಮಾಡೋದು ನಿನ್ನ ಕೈಲಿತ್ತು. ಧಾರೆ ದಿನ ಉಗ್ರಾಣದ ಬೀಗದ ಕೈ ಕೊಟ್ಟಿದ್ರೂ ಸಾಕಿತ್ತು."

ದೂರು ಈಗ ಸರಿಯಾದ ಜಾಗಕ್ಕೆ ಬಂತು. ಮುತ್ತೈದೆಯ ಕಟ್ಟು ಕ್ರೂರವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಟ್ಟೆಯ ಬಣ್ಣ ಗೊತ್ತುಮಾಡಿ 'ಹಳದಿ' ನಡೆಸುವವರು ಎಷ್ಟೋ ಕಡೆ ಅದನ್ನು ಕೇಳುವುದೂ ಇಲ್ಲ. ಆದರೆ ಆ ಜಗಳ ಇಡೀ ಮನೆತನದ ಜೊತೆಗಿನದು. ವೀಣಾಳಿಂದ ಕೇಳಬಹುದಾದದ್ದು ವೀಣಾ ಮಾಡಬಹುದಾಗಿದ್ದ ಕೆಲಸಕ್ಕೆ ಉತ್ತರ.

ಅವಳು "ಅಷ್ಟಕ್ಕೆಲ್ಲ ಬೇಜಾರಾ?" ಎಂದು ನಕ್ಕರೆ ವಾದಕ್ಕಿಳಿಯಬೇಡಿ. "ಹೌದು, ನನಗೆ ಅಷ್ಟಕ್ಕೇ ಆಯ್ತು" ಎಂದು ಒಮ್ಮೆ ಹೇಳಿ ಸುಮ್ಮನಾಗಿ. ನಾಲ್ಕು ದಿನ ಬಿಟ್ಟು ಅವಳೇ ಫೋನ್ ಮಾಡಿದರೆ ಮಾತು ತಲುಪಿದೆ. ಇನ್ನೊಂದು ಉತ್ತರವೂ ಬರಬಹುದು: "ನನಗೂ ಯಾಕೋ ಭಯ ಆಯ್ತು, ಶುಭಕಾರ್ಯ ಅಲ್ವಾ." ಗೆಳತಿಯೇ ನಿಮ್ಮನ್ನು ಅಶುಭವೆಂದು ಎಣಿಸಿದಳು ಎಂದಾದರೆ ಅದನ್ನು ಮಾತಿನ ಜಾಣ್ಮೆಯಿಂದ ಸರಿಪಡಿಸಲಾಗದು. ಅಲ್ಲಿಂದ ದೂರ ಸರಿದರೆ ತಪ್ಪಿಲ್ಲ.

ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದು, ಹಿರಿಯರು ಯಾವುದೋ ಗೆಳತಿಯ ಹೆಸರಿಗೆ ಬೇಡ ಎಂದರೆ, ಅವಳು ಸ್ಟೇಟಸ್ ನೋಡುವ ಮೊದಲೇ ನೀವೇ ಹೋಗಿ ಹೇಳಿ. ಹೇಳುವಾಗ ಅವಳಿಗೊಂದು ಕೆಲಸವನ್ನೂ ಒಪ್ಪಿಸಿ ಬನ್ನಿ.