ಮುಚ್ಚಳ ಮುಚ್ಚಿದ್ದು ಮಷೀನ್‌ಗೆ ಗೊತ್ತಾಗದಿದ್ದರೆ

ಬಟ್ಟೆ ತುಂಬಿ, ಪುಡಿ ಹಾಕಿ, ನಲ್ಲಿ ತಿರುಗಿಸಿ ಮುಚ್ಚಳ ಮುಚ್ಚಿದ್ದಾಯಿತು. ದೀಪಗಳು ಉರಿಯುತ್ತಿವೆ, ಗುಂಡಿ ಒತ್ತಿದರೆ ಸದ್ದೂ ಬರುತ್ತದೆ. ಆದರೆ ಸ್ಟಾರ್ಟ್ ಒತ್ತಿದ ಮೇಲೆ ಮಷೀನ್ ಒಂದಿಷ್ಟು ಕೂಗಿ ಸುಮ್ಮನಾಗುತ್ತದೆ. ಕೆಲವು ಮಷೀನ್‌ಗಳ ಪರದೆಯ ಮೇಲೆ dE ಎಂದು ಮೂಡುತ್ತದೆ. ಮುಚ್ಚಳ ತೆರೆದೇ ಇದೆ ಎಂಬುದು ಅದರ ದೂರು. ಕಣ್ಣೆದುರೇ ಮುಚ್ಚಿರುವ ಮುಚ್ಚಳ ತೆರೆದಿದೆ ಎಂದು ಮಷೀನ್ ಹಟ ಹಿಡಿದರೆ, ಮೊದಲ ಅನುಮಾನ ಹೋಗಬೇಕಾದದ್ದು ಲಿಡ್ ಸ್ವಿಚ್ ಮೇಲೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನೇ ಡೋರ್ ಸ್ವಿಚ್ ಎನ್ನುತ್ತಾರೆ.

ದೀಪವೇ ಉರಿಯದಿದ್ದರೆ ಕಾರಣ ಬೇರೆ. ಪ್ಲಗ್ಗು, ಸಾಕೆಟ್ಟು ನೋಡಬೇಕು. ಚೈಲ್ಡ್ ಲಾಕ್ ಬಿದ್ದಿದ್ದರೂ ಗುಂಡಿಗಳು ಕೆಲಸ ಮಾಡುವುದಿಲ್ಲ. ಇವೆರಡೂ ಅಲ್ಲವೆಂದು ಖಚಿತವಾದ ಮೇಲೆ ಮುಚ್ಚಳದ ಕಡೆ ಬನ್ನಿ. ಹಳೆಯ ಮಾದರಿಗಳಲ್ಲಿ ಅನೇಕವು ಮುಚ್ಚಳ ತೆರೆದಿದ್ದರೂ ನೀರು ತುಂಬಿಸಿ ಬಟ್ಟೆ ಒಗೆಯುತ್ತವೆ, ಹಿಂಡುವ ಹಂತಕ್ಕೆ ಬಂದಾಗ ಮಾತ್ರ ನಿಲ್ಲುತ್ತವೆ. ಮುಚ್ಚಳಕ್ಕೆ ಬೀಗ ಬೀಳುವ ಹೊಸ ಮಾದರಿಗಳು ಒಂದು ಹನಿ ನೀರನ್ನೂ ತೆಗೆದುಕೊಳ್ಳದೆ ನಿಂತುಬಿಡಬಹುದು. ಎರಡಕ್ಕೂ ಮೂಲ ಒಂದೇ.

ಸ್ವಿಚ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಮುಚ್ಚಳ ಕೆಳಗಿಳಿದಾಗ ಕೀಲಿನ ಬಳಿಯ ಪುಟ್ಟ ಕಡ್ಡಿಯೊಂದು ಸ್ವಿಚ್ಚನ್ನು ಒತ್ತುವುದು ಒಂದು ಬಗೆ. ಎರಡನೆಯದರಲ್ಲಿ ಮುಚ್ಚಳದ ಅಂಚಿನಲ್ಲಿ ಅಯಸ್ಕಾಂತ ಅಡಗಿರುತ್ತದೆ, ಅದು ಹತ್ತಿರ ಬಂದಾಗ ಕೆಳಗಿನ ಸ್ವಿಚ್ ಸ್ಪಂದಿಸುತ್ತದೆ. ಮೂರನೆಯದು ಬೀಗವೂ ಸ್ವಿಚ್ಚೂ ಒಟ್ಟಿಗೇ ಇರುವ ಜೋಡಿ. ನಿಮ್ಮ ಮನೆಯದು ಯಾವುದು ಎಂದು ತಿಳಿಯಲು ಮಷೀನ್ ಬಿಚ್ಚಬೇಕಿಲ್ಲ. ಮುಚ್ಚಳ ನಿಧಾನಕ್ಕೆ ಇಳಿಸುವಾಗ ಟಕ್ ಎಂಬ ಸಣ್ಣ ಸದ್ದು ಬಂದರೆ ಕಡ್ಡಿಯದು. ಸ್ಟಾರ್ಟ್ ಒತ್ತಿದ ಮೇಲೆ ಮುಚ್ಚಳ ಮೇಲೇಳದಿದ್ದರೆ ಬೀಗದ್ದು. ಸದ್ದೂ ಇಲ್ಲ, ಬೀಗವೂ ಇಲ್ಲ ಎಂದರೆ ಹೆಚ್ಚಾಗಿ ಅಯಸ್ಕಾಂತದ್ದು.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಸುಲಭದ ಪರೀಕ್ಷೆಯಿದೆ. ಸ್ಟಾರ್ಟ್ ಒತ್ತುವಾಗ ಮುಚ್ಚಳವನ್ನು ಅಂಗೈಯಿಂದ ಗಟ್ಟಿಯಾಗಿ ಅದುಮಿ ಹಿಡಿಯಿರಿ, ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಮಷೀನ್ ಓಡತೊಡಗಿದರೆ ಸ್ವಿಚ್ ಪೂರ್ತಿ ಸತ್ತಿಲ್ಲ. ಕೀಲು ಸಡಿಲಾಗಿದೆ, ಕಡ್ಡಿ ಬಾಗಿದೆ ಅಥವಾ ಅಯಸ್ಕಾಂತ ಜಾಗ ಬಿಟ್ಟಿದೆ. ಮುಚ್ಚಳದ ಮೇಲೆ ತುಂಬಿದ ಬಕೆಟ್ ಇಡುವ ರೂಢಿ ನಮ್ಮಲ್ಲಿ ಹೆಚ್ಚು. ಕೀಲು ಜಗ್ಗಲು ಅಷ್ಟು ಸಾಕು.

ಇನ್ನು ಬಿಚ್ಚಿ ನೋಡುವ ವಿಷಯ. ವಾರಂಟಿ ಇದ್ದರೆ ಬಿಚ್ಚಲೇಬೇಡಿ, ಕಂಪನಿಯವರನ್ನೇ ಕರೆಯಿರಿ. ಇಲ್ಲವಾದರೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಮಷೀನ್ ಮೇಲಿಡಿ. ಪಾಯಿಂಟ್ ವೈರಿಂಗ್ ತಲೆಕೆಳಗಾಗಿರುವ ಮನೆಗಳಲ್ಲಿ ಸ್ವಿಚ್ ಆರಿಸಿದರೂ 230 ವೋಲ್ಟ್ ಒಳಗೇ ಉಳಿದಿರುತ್ತದೆ. ನಲ್ಲಿ ಮುಚ್ಚಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿಯಲು 10 ನಿಮಿಷವಾದರೂ ಬಿಡಿ, ಆ ಮೇಲೂ ಬೋರ್ಡ್ ಮುಟ್ಟಬೇಡಿ. ನೆಲ ಒರೆಸಿ, ಕಾಲಿಗೆ ಒಣ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗೆ ಗ್ಲೌಸ್ ಇರಲಿ. ವಿದ್ಯುತ್ ಇರುವಾಗ ಅಳೆದು ನೋಡುವ ಕೆಲಸ ಮನೆಯವರದಲ್ಲ. ಈ ಪರೀಕ್ಷೆಗೆ ಅದು ಬೇಕಾಗುವುದೂ ಇಲ್ಲ.

ಮಂಗಳೂರಿನ ನಮ್ಮ ಅತ್ತೆಯ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ಆದದ್ದನ್ನೇ ಹೇಳುತ್ತೇನೆ. ಕಡ್ಡಿ ಸ್ವಿಚ್ಚಿನ ಹಳೆಯ ಮಷೀನ್, ಇಟ್ಟಿದ್ದು ಎರಚಲು ಹೊಡೆಯುವ ಹಿಂಬದಿಯ ಸಿಟೌಟ್‌ನಲ್ಲಿ. ಮೊದಮೊದಲು ಮುಚ್ಚಳ ಕುಟ್ಟಿದರೆ ಓಡುತ್ತಿತ್ತು, ಆಮೇಲೆ ಅದೂ ಇಲ್ಲ. ಬಂದ ಮೆಕ್ಯಾನಿಕ್ ಏನನ್ನೂ ಬಿಚ್ಚದೆ ತೀರ್ಪು ಕೊಟ್ಟು ಹೋಗಿದ್ದ. “ಬೋರ್ಡೇ ಹೋಗಿದೆ ಅಂತಾನೆ ಮಾರಾಯ, ನಂಗ್ಯಾಕೋ ನಂಬಿಕೆ ಬರ್ಲಿಲ್ಲ” ಅಂದರು ಅತ್ತೆ. ಅವರ ಗುಮಾನಿಗೆ ಆಧಾರವಿತ್ತು. ಕುಟ್ಟಿದರೆ ಸರಿಹೋಗುವ ರೋಗ ಬೋರ್ಡಿನದಾಗಿರುವುದು ಅಪರೂಪ.

ಪ್ಲಗ್ ಕಿತ್ತು, ಕಾದು, ಹಿಂಬದಿಯ ಎರಡು ಸ್ಕ್ರೂ ತೆಗೆದು ಗುಂಡಿಗಳಿರುವ ಮೇಲಿನ ಫಲಕ ಎತ್ತಿದೆವು. ಮುಚ್ಚಳದ ಕೀಲಿನ ಪಕ್ಕದಲ್ಲೇ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ವಿಚ್ಚು, ಅದರಿಂದ ಹೊರಟ ಎರಡು ವೈರು. ಕನೆಕ್ಟರ್ ಕಳಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡೆವು. ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ, ಮೊದಲು ಅದರ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿದರೆ 0.3 ತೋರಿತು. ಮೀಟರ್ ಸರಿಯಿದೆ ಎಂದರ್ಥ. ಆಮೇಲೆ ಸ್ವಿಚ್ಚಿನ ಎರಡು ಪಿನ್‌ಗಳಿಗೆ ಮೊನೆ ಇಟ್ಟೆವು. ಮುಚ್ಚಳ ತೆರೆದಾಗ ದಾರಿ ಕಡಿದಿದೆ ಎಂಬ ಗುರುತು, OL ಬಂತು. ಅದು ಸರಿಯೇ. ಮುಚ್ಚಿದಾಗ ಸೊನ್ನೆಯ ಹತ್ತಿರ ಬರಬೇಕಿತ್ತು. ಬಂದದ್ದು 38. ತೆರೆದು ಮತ್ತೆ ಮುಚ್ಚಿದರೆ 150, ಮೂರನೇ ಸಲ OL. ಹೀಗೆ ಒಮ್ಮೊಮ್ಮೆ ಒಂದೊಂದು ಅಂಕಿ ಬಂದರೆ ಒಳಗಿನ ಲೋಹದ ತುದಿಗಳು ಕಿಲುಬು ಹಿಡಿದಿವೆ. ಕರಾವಳಿಯ ಉಪ್ಪುಗಾಳಿಗೂ ಸೋಪಿನ ಪುಡಿಗೂ ಇದು ನಿತ್ಯದ ಕೆಲಸ. ಹಿಂದಿನ ಚೀಟಿಯಲ್ಲಿದ್ದ ಮಾಡೆಲ್ ನಂಬರ್ ತೋರಿಸಿ ಅದೇ ಸ್ವಿಚ್ ತಂದೆವು, ಕೆಲವು ನೂರು ರೂಪಾಯಿಯ ಸಾಮಾನು. ಹಾಕಿ ಅಳೆದಾಗ ಮುಚ್ಚಳ ಮುಚ್ಚಿದ ಪ್ರತಿಸಲವೂ 0.3. ಬೋರ್ಡ್ ಇವತ್ತಿಗೂ ಅದೇ ಹಳೆಯದು.

ಸ್ವಿಚ್ ಸರಿಯಿದ್ದೂ dE ಹೋಗದಿದ್ದರೆ ವೈರ್ ನೋಡಬೇಕು. ತಳದ ಜಾಲರಿ ಇಲ್ಲದ ಮಷೀನ್‌ಗಳಿಗೆ ಇಲಿ ನುಗ್ಗಿ ವೈರ್ ಕಡಿಯುವುದು ಸಾಮಾನ್ಯ, ಕಡಿದ ತುಣುಕುಗಳು ನೆಲದ ಮೇಲೆ ಕಾಣಸಿಗುತ್ತವೆ.

ಈ ಅಳತೆಗೆ ಒಂದು ಮಿತಿಯಿದೆ. ಎರಡೇ ವೈರಿನ ಸ್ವಿಚ್ಚಿಗೆ ಇದು ಸಲ್ಲುತ್ತದೆ. ಅಯಸ್ಕಾಂತದ ಎರಡು ವೈರಿನದಾದರೆ ಅಂಕಿ ತಿರುಗುಮುರುಗಾಗಿ ಬರಲೂಬಹುದು, ಅಯಸ್ಕಾಂತ ಹತ್ತಿರ ತಂದಾಗ ಬದಲಾಗುತ್ತದೆಯೇ ಎಂಬುದಷ್ಟೇ ಮುಖ್ಯ. ಮೂರು ಅಥವಾ ಹೆಚ್ಚು ವೈರಿದ್ದರೆ ಅಲ್ಲಿಗೇ ನಿಲ್ಲಿಸಿ. ಬೀಗವಿರುವ ಜೋಡಿಯಲ್ಲಿ ವಿದ್ಯುತ್ ಸಿಕ್ಕಿ ಬೀಗ ಬೀಳುವವರೆಗೆ ಒಳಗಿನ ಸ್ವಿಚ್ ಕೂಡುವುದೇ ಇಲ್ಲ. ಹಾಗಾಗಿ ಚೆನ್ನಾಗಿರುವುದೂ ಮೀಟರಿಗೆ ಕೆಟ್ಟದ್ದಾಗಿ ಕಾಣುತ್ತದೆ. ಅದನ್ನು ನಂಬಿ ಹೊಸದು ಕೊಂಡು ದುಡ್ಡು ಕಳೆದುಕೊಂಡವರಿದ್ದಾರೆ.

ಎರಡು ವೈರನ್ನೂ ಹೊಸೆದು ಟೇಪ್ ಸುತ್ತಿ “ಡೈರೆಕ್ಟ್” ಮಾಡಿಕೊಡುವ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಸಿಗುತ್ತಾರೆ. ಐದು ನಿಮಿಷದ ಕೆಲಸ, ಮಷೀನ್ ಓಡುತ್ತದೆ. ಆದರೆ ಹಿಂಡುವಾಗ ಒಳಗಿನ ಡ್ರಮ್ ನಿಮಿಷಕ್ಕೆ ಸುಮಾರು 700 ಸುತ್ತು ಸುತ್ತುತ್ತದೆ. ಸುತ್ತುವ ಸೀರೆಯ ಸೆರಗಿಗೆ ಮಗುವಿನ ಬೆರಳು ಸಿಕ್ಕಿದರೆ ತೋಳನ್ನೇ ಒಳಗೆ ಎಳೆಯುತ್ತದೆ. ಸ್ವಿಚ್ ಇರುವುದೇ ಅದನ್ನು ತಪ್ಪಿಸಲು. ಇದನ್ನು ನಾನಂತೂ ರಿಪೇರಿ ಎನ್ನಲಾರೆ.

ನಿಮ್ಮ ಮನೆಯಲ್ಲಿ ಹಿಂದೆ ಯಾರಾದರೂ ಹೀಗೆ ಮಾಡಿಹೋಗಿದ್ದಾರೆಯೇ ಎಂದು ಇವತ್ತೇ ನೋಡಿಬಿಡಿ. ಮಕ್ಕಳನ್ನು ದೂರ ಕಳಿಸಿ, ಡ್ರಮ್ ಜೋರಾಗಿ ಹಿಂಡುತ್ತಿರುವಾಗ ಮುಚ್ಚಳದ ಅಂಚನ್ನು ಸ್ವಲ್ಪ ಎತ್ತಿ, ಒಳಗೆ ಕೈ ಹಾಕಬೇಡಿ. ಬೀಗ ಬಿದ್ದು ಮುಚ್ಚಳ ಏಳದಿದ್ದರೆ, ಅಥವಾ ಎತ್ತಿದೊಡನೆ ವೇಗ ಇಳಿದು ಡ್ರಮ್ ಬೇಗನೆ ನಿಂತರೆ ಸ್ವಿಚ್ ತನ್ನ ಕೆಲಸ ಮಾಡುತ್ತಿದೆ. ಏನೂ ಆಗಿಲ್ಲವೆಂಬಂತೆ ತಿರುಗುತ್ತಲೇ ಇದ್ದರೆ ಪ್ಲಗ್ ಕಿತ್ತಿಡಿ, ಹೊಸ ಸ್ವಿಚ್ ಬರುವವರೆಗೆ ಆ ಮಷೀನ್ ಬಳಸಬೇಡಿ.