ಅರಗಿಗೆ ಅರಿಶಿನ ಹತ್ತಿದ ಕತೆ

ಆಂಧ್ರದ ಅನಕಾಪಲ್ಲಿ ಜಿಲ್ಲೆಯಲ್ಲಿ ವರಾಹ ನದಿಯ ದಡದಲ್ಲಿ ಏಟಿಕೊಪ್ಪಾಕ ಎಂಬ ಊರಿದೆ. ಚನ್ನಪಟ್ಟಣದ ಬೊಂಬೆ ನೋಡಿ ಬೆಳೆದ ನಮಗೆ ಅಲ್ಲಿಯ ಬೊಂಬೆಗಳು ದೂರದ ನೆಂಟರ ಹಾಗೆ ಕಾಣುತ್ತವೆ. ಮರವೂ ಒಂದೇ: ನಮ್ಮ ಹಾಲೆ ಮರವೇ ಅಲ್ಲಿಯ ಅಂಕುಡು. ಚರಕಿಯ ಮೇಲೆ ಕಡೆದು, ತಿರುಗುತ್ತಿರುವಾಗಲೇ ಅರಗು ಹಚ್ಚುವ ವಿದ್ಯೆಯೂ ಒಂದೇ. ಊರಿನ ಮಕ್ಕಳ ಅಡುಗೆ ಆಟದ ಪುಟ್ಟ ಪಾತ್ರೆಗಳು, ಮುಚ್ಚಳದ ಕುಂಕುಮ ಭರಣಿ, ಬುಗುರಿ, ಇವೇ ಅಲ್ಲಿ ತಲೆಮಾರುಗಳಿಂದ ನಡೆದು ಬಂದ ಸರಕು.

ಈ ಸರಕು ಊರು ದಾಟಿ, ದೇಶ ದಾಟಿ ಹೋಗಲು ಅಡ್ಡಿಯಾದದ್ದು ಬಣ್ಣ. ಪೇಟೆಯಲ್ಲಿ ಸಿಗುವ ರಾಸಾಯನಿಕ ಬಣ್ಣದ ಪುಡಿ ಅಗ್ಗ, ಢಾಳು, ಅರಗಿನ ಜೊತೆ ಚಿಟಿಕೆಯಲ್ಲಿ ಬೆರೆಯುತ್ತದೆ. ಆದರೆ ಹೊಳೆಯುವ ಹಳದಿ, ಕೇಸರಿ, ಕೆಂಪು ಪುಡಿಗಳಲ್ಲಿ ಬಹಳಷ್ಟು ಸೀಸದಿಂದ ಆದವು. ಮಗು ಬೊಂಬೆಯನ್ನು ಮೊದಲು ಒಯ್ಯುವುದೇ ಬಾಯಿಗೆ. ಸೀಸ ಬೆಳೆಯುವ ಮಿದುಳಿಗೆ ವಿಷ. ಅಮೆರಿಕದಲ್ಲಿ ಆಟಿಕೆಯ ಬಣ್ಣಕ್ಕೆ 1978ರಿಂದ ಇದ್ದ ಸೀಸದ ಮಿತಿ ಹತ್ತು ಲಕ್ಷ ಪಾಲಿಗೆ 600 ಪಾಲು. 2009ರಲ್ಲಿ ಅದನ್ನು 90ಕ್ಕೆ ಇಳಿಸಿದರು. ಪ್ರಯೋಗಾಲಯದ ವರದಿ ಕೇಳುವ ಗಿರಾಕಿಯ ಮುಂದೆ ಎಷ್ಟೇ ಒಳ್ಳೆಯ ಕೈಕೆಲಸವಿದ್ದರೂ ಈ ಒಂದು ಅಂಕಿಯಲ್ಲಿ ಸೋತರೆ ಇಡೀ ಪೆಟ್ಟಿಗೆ ವಾಪಸು.

ಸಿ.ವಿ. ರಾಜು ಅದೇ ಊರಿನವರು. 1980ರ ದಶಕದ ಕೊನೆಯ ಹೊತ್ತಿಗೆ ಅವರು ಕುಶಲಕರ್ಮಿಗಳನ್ನು ಒಟ್ಟುಗೂಡಿಸಿ, ಗಿಡಮೂಲದ ಬಣ್ಣಕ್ಕೆ ಮರಳುವ ಕೆಲಸಕ್ಕೆ ಇಳಿದರು. ಪದ್ಮಾವತಿ ಅಸೋಸಿಯೇಟ್ಸ್ ಎಂಬ ಸಂಘ ಕಟ್ಟಿದರು. ಬೀಜ, ತೊಗಟೆ, ಬೇರು, ಎಲೆಗಳಿಂದ ಬಣ್ಣ ತೆಗೆಯುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ, ಬಟ್ಟೆಗೆ ಬಣ್ಣ ಕಟ್ಟುವವರು ಇದನ್ನು ಬಲ್ಲರು. ಅದನ್ನು ಅರಗಿಗೆ ಹತ್ತಿಸುವುದೇ ಕಷ್ಟ, ಮತ್ತು ನನ್ನ ಲೆಕ್ಕದಲ್ಲಿ ನಿಜವಾದ ಶೋಧ ಇರುವುದು ಅಲ್ಲಿ.

ಕಷ್ಟ ಏನು? ಗಿಡದ ಬಣ್ಣಗಳಲ್ಲಿ ಹೆಚ್ಚಿನವು ನೀರಿಗೆ ಬಿಡುತ್ತವೆ. ಬಟ್ಟೆಯೂ ನೀರನ್ನು ಕುಡಿಯುತ್ತದೆ, ಹಾಗಾಗಿ ಅಲ್ಲಿ ಕೆಲಸ ಸಲೀಸು. ಅರಗು ಹಾಗಲ್ಲ. ಅದು ಮರದ ಮೇಲಿನ ಕೀಟ ಸುರಿಸಿದ ರಾಳ, ನೀರಿನ ಜೊತೆ ಸೇರುವುದಿಲ್ಲ. ಕುದಿಸಿದ ತೊಗಟೆಯ ಕಷಾಯವನ್ನು ಕರಗಿದ ಅರಗಿಗೆ ಹೊಯ್ದರೆ ಚಟಪಟ ಸಿಡಿದು ನೊರೆಯೇಳುತ್ತದೆ, ಬಣ್ಣ ಒಂದು ಕಡೆ, ಅರಗು ಒಂದು ಕಡೆ. ಆದ್ದರಿಂದ ಬಣ್ಣವನ್ನು ಮೊದಲು ನೀರಿನಿಂದ ಬಿಡಿಸಿ ನುಣ್ಣಗಿನ ಒಣ ಪುಡಿಯಾಗಿ ಇಳಿಸಬೇಕು. ಕಷಾಯಕ್ಕೆ ಪಟಿಕ ಹಾಕಿ, ಮೇಲೆ ಸ್ವಲ್ಪ ಸೋಡಾ ಬಿಟ್ಟರೆ ಎಷ್ಟೋ ಬಣ್ಣಗಳು ಪಟಿಕದಲ್ಲಿನ ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತವೆ. ಸೋಸಿ, ಉಪ್ಪಿನಂಶ ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ ಅರೆದರೆ ಅರಗಿಗೆ ಸೇರುವ ಪುಡಿ ಸಿದ್ಧ. ಅರಿಶಿನ ಈ ಮಟ್ಟಿಗೆ ಉದಾರಿ, ಅದರ ಬಣ್ಣ ರಾಳಕ್ಕೆ ತಾನಾಗಿಯೇ ಒಗ್ಗುತ್ತದೆ. ನೀಲಿಯೂ ನೀರಿಗೆ ಕರಗದ ಪುಡಿಯಾಗಿಯೇ ಸಿಗುತ್ತದೆ. ಇವೆರಡನ್ನು ಬೆರೆಸಿದರೆ ಹಸಿರು. ಕೇಸರಿಗೆ ಜಾಫ್ರಾ ಬೀಜ. ಸತಾಯಿಸುವುದು ಕೆಂಪು ಮತ್ತು ಕಂದಿನ ಛಾಯೆಗಳು.

ಒಂದು ಹಳದಿ ಕುಂಕುಮ ಭರಣಿಯ ಮೇಲೆ ಈ ಪುಡಿ ಹೇಗೆ ಕೂರುತ್ತದೆ ನೋಡಿ. ಅರಗನ್ನು ಹದವಾದ ಕೆಂಡದ ಮೇಲೆ ಮೆತ್ತಗೆ ಮಾಡಿ, ಪುಡಿ ಸೇರಿಸಿ, ಚಕ್ಕುಲಿ ಹಿಟ್ಟಿನಂತೆ ಮತ್ತೆ ಮತ್ತೆ ಎಳೆದು ಮಡಚಿ ನಾದುತ್ತಾರೆ. ಮುರಿದ ಜಾಗದಲ್ಲಿ ಗೆರೆಯಾಗಲಿ ಚುಕ್ಕೆಯಾಗಲಿ ಕಾಣದಿದ್ದರೆ ಬಣ್ಣ ಒಂದಾಗಿದೆ ಎಂದರ್ಥ. ಅದನ್ನು ಉದ್ದನೆಯ ಕಡ್ಡಿಯಾಗಿ ಹೊಸೆದು ಆರಿಸುತ್ತಾರೆ. ಭರಣಿಯನ್ನು ಕಡೆದು ನಯ ಮಾಡಿದ ಮೇಲೆ, ಚರಕಿ ತಿರುಗುತ್ತಿರುವಾಗ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೇರೆ ಬೆಂಕಿ ಇಲ್ಲ, ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಲ್ಲಲ್ಲಿ ದಪ್ಪ ತೆಳುವಾಗಿ ಕೂತ ಅರಗನ್ನು ಒಣಗಿದ ಕೇದಗೆ ಎಲೆಯಿಂದ ಒತ್ತಿ ಸವರಿದಾಗ ಅದು ಸಮನಾಗಿ ಹರಡಿ ಹೊಳಪು ಬರುತ್ತದೆ.

ಇಲ್ಲಿ ಕೈ ತಪ್ಪಿದರೆ ತಿಳಿಯುವುದು ಹೇಗೆ? ಬಿಸಿ ಜಾಸ್ತಿಯಾದರೆ ಹಳದಿ ಮಂಕಾಗಿ ಕಂದಿಗೆ ತಿರುಗುತ್ತದೆ. ಬಿಸಿ ಸಾಲದಿದ್ದರೆ ಅರಗು ಮರಕ್ಕೆ ಹತ್ತದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮರ ಸರಿಯಾಗಿ ಒಣಗಿರದಿದ್ದರೆ ಹೊಳಪಿನ ಕೆಳಗೆ ಗುಳ್ಳೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಮುದ್ರ ತೀರದ ತೇವದ ಹವೆಯಲ್ಲಿ ಗಟ್ಟಿಯಾಗಿ ಕೂತಿದ್ದ ಮುಚ್ಚಳ ಒಣ ಹವೆಯ ಊರಿಗೆ ಹೋದ ಮೇಲೆ ಸಡಿಲವಾಗುತ್ತದೆ. ಊರ ಜಾತ್ರೆಯಲ್ಲಿ ಮಾರುವಾಗ ಇದು ತೊಂದರೆಯೇ ಅಲ್ಲ. ದೂರಕ್ಕೆ ಕಳಿಸುವವನಿಗೆ ಇದೇ ದೊಡ್ಡ ತಲೆನೋವು. ಮರವನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿಡಲು ಬಂಡವಾಳ ಬೇಕು, ವಾರದ ಕೂಲಿಯಲ್ಲಿ ಬದುಕುವ ಕೆಲಸಗಾರ ಒಬ್ಬನೇ ಅದನ್ನು ಹೂಡಲಾರ. ಸಂಘದ ಅಗತ್ಯ ಮೊದಲು ಬರುವುದೇ ಇಲ್ಲಿ.

ಎರಡನೆಯ ಅಗತ್ಯ ಬಣ್ಣದ ಕಡ್ಡಿಯದು. ಈ ವರ್ಷದ ಅರಿಶಿನ ಕಳೆದ ವರ್ಷದಂತಿರುವುದಿಲ್ಲ, ಒಬ್ಬರ ಕಷಾಯ ಇನ್ನೊಬ್ಬರದರಂತೆ ಬರುವುದಿಲ್ಲ. ಅಂಗಡಿಯವನು ಒಂದೇ ಬಣ್ಣದ ಇನ್ನೂರು ಭರಣಿ ಕೇಳಿದರೆ, ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಹಳದಿ ಆಗುತ್ತವೆ. ಕಡ್ಡಿಯನ್ನು ಒಂದೇ ಕಡೆ, ಒಂದೇ ತೂಕದಲ್ಲಿ ತಯಾರಿಸಿ ಎಲ್ಲ ಚರಕಿಗಳಿಗೆ ಹಂಚಿ, ಪ್ರತಿ ಪಾಕದ ಒಂದು ಮಾದರಿಯನ್ನು ತೆಗೆದಿಟ್ಟರೆ ಈ ಗೋಜು ತಪ್ಪುತ್ತದೆ. ಪರೀಕ್ಷೆಯ ಖರ್ಚೂ ಇಳಿಯುತ್ತದೆ, ಏಕೆಂದರೆ ಸೀಸ ಬರುವ ಮುಖ್ಯ ದಾರಿ ಬಣ್ಣವೇ, ಅದನ್ನು ಒಂದೇ ಕಡೆ ಕಾಯಬಹುದು.

ಗಿಡದ ಬಣ್ಣಕ್ಕೆ ಮಿತಿ ಇಲ್ಲವೆಂದಲ್ಲ. ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ, ಕಿಟಕಿಯ ಹತ್ತಿರ ಇಟ್ಟ ಬೊಂಬೆ ಒಂದು ಬದಿ ಬೆಳ್ಳಗಾಗುತ್ತದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ನೀರಲ್ಲಿ ಬಹಳ ಹೊತ್ತು ಇಟ್ಟರೆ ಬಿಳಿಚುತ್ತದೆ. ಮಾರುವವನು ಇದನ್ನು ಚೀಟಿಯಲ್ಲಿ ಬರೆದು ಕೊಡುವುದೇ ಸರಿ, ಮುಚ್ಚಿಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲ. ಇನ್ನೊಂದು ಮಿತಿ ಮರದ್ದು. ಕಾಡಿನಿಂದ ತರುವ ಅಂಕುಡು ಈಗ ಸುಲಭಕ್ಕೆ ಸಿಗುವುದಿಲ್ಲ. ಕಡಿದ ಬುಡದಿಂದ ಮತ್ತೆ ಚಿಗುರುವ ಮರ ಇದು, ಹೊಲದ ಬದುವಿನಲ್ಲಿ ಬೆಳೆಸಬಹುದು, ಆದರೆ ಇವತ್ತು ನೆಟ್ಟರೆ ಚರಕಿಗೆ ಬರಲು ವರ್ಷಗಳೇ ಬೇಕು.

ರಾಜು ಅವರ ಕೆಲಸವನ್ನು ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಗುರುತಿಸಿತು. ಏಟಿಕೊಪ್ಪಾಕದ ಬೊಂಬೆಗೆ 2017ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ರಾಜು ಅವರಿಗೆ ಪದ್ಮಶ್ರೀ ಬಂತು. ನಮ್ಮ ಚನ್ನಪಟ್ಟಣಕ್ಕೆ ಭೌಗೋಳಿಕ ಗುರುತು ಅದಕ್ಕೂ ಎಷ್ಟೋ ವರ್ಷ ಮೊದಲೇ ದೊರೆತಿದೆ, ಅಲ್ಲಿಯೂ ಗಿಡದ ಬಣ್ಣದಲ್ಲಿ ಕೆಲಸ ಮಾಡುವವರಿದ್ದಾರೆ. ಆದರೆ ಭೌಗೋಳಿಕ ಗುರುತು ಊರನ್ನು ಹೇಳುತ್ತದೆ, ಬಣ್ಣ ಯಾವುದೆಂದು ಹೇಳುವುದಿಲ್ಲ. ಹೆದ್ದಾರಿಯ ಅಂಗಡಿಯಲ್ಲಿ ಪುಟ್ಟ ಮಗುವಿಗೆ ಗಿಲಕಿ ಕೊಳ್ಳುವಾಗ ಬೆಲೆ ಕೇಳುವ ಮೊದಲು ಬಣ್ಣ ಯಾವುದರದು, ಪರೀಕ್ಷೆಯ ವರದಿ ಇದೆಯೇ ಎಂದು ಕೇಳಿ. ಉತ್ತರ ಕೊಡುವವರಿಂದಲೇ ಕೊಳ್ಳಿ, ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಸರಿ.