ನಿಮಗಿದು ಗೊತ್ತೆ? ವೈಫೈ ಪಾಸ್‌ವರ್ಡ್ ಗಾಳಿಯಲ್ಲಿ ಹಾಯುವುದೇ ಇಲ್ಲ
ಡಬ್ಲ್ಯುಪಿಎ2 ವೈಫೈಗೆ ಫೋನ್ ಸೇರುವಾಗ ಪಾಸ್‌ವರ್ಡ್ ರವಾನೆಯಾಗುವುದಿಲ್ಲ. ಅದನ್ನೂ ನೆಟ್‌ವರ್ಕ್ ಹೆಸರನ್ನೂ ಬೆರೆಸಿ 4096 ಸುತ್ತು ಲೆಕ್ಕ ಹಾಕಿದಾಗ ಎರಡೂ ಕಡೆ ಒಂದೇ ಮೂಲ ಕೀಲಿ ಸಿದ್ಧವಾಗುತ್ತದೆ. ಬಳಿಕ ನಾಲ್ಕು ಸಂದೇಶಗಳ ವಿನಿಮಯ. ರೌಟರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಫೋನ್ ತನ್ನ ಸಂಖ್ಯೆಯ ಜೊತೆಗೆ, ಕೀಲಿ ತನ್ನಲ್ಲಿದೆ ಎಂದು ಸಾಬೀತುಪಡಿಸುವ ಮುದ್ರೆಯನ್ನೂ ಕಳಿಸುತ್ತದೆ. ಮೂರನೆಯದರಲ್ಲಿ ರೌಟರ್ ತನ್ನ ಮುದ್ರೆ ತೋರಿಸಿದರೆ, ನಾಲ್ಕನೆಯದು ಫೋನಿನ ಒಪ್ಪಿಗೆ.

ತೊಡಕಿರುವುದು ಆ ಮುದ್ರೆಯಲ್ಲೇ. ಈ ಸಂದೇಶಗಳನ್ನು ಸೆರೆಹಿಡಿದವರು ಮನೆಯಲ್ಲಿ ಕೂತು, ಪಾಸ್‌ವರ್ಡ್ ಊಹಿಸಿ ಮುದ್ರೆ ತಾಳೆಯಾಗುತ್ತದೆಯೇ ಎಂದು ನೋಡಬಹುದು. ರೌಟರ್‌ಗೆ ಸುಳಿವೂ ಸಿಗದು. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರೆ ಇರುವುದು ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಸೆಕೆಂಡಿಗೆ 10 ಲಕ್ಷ ಊಹಿಸುವ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಒಂದು ಗಂಟೆ ಚಿಲ್ಲರೆ ಕೆಲಸ. ಚೀಟಿ ಎತ್ತಿದಂತೆ ಆಯ್ದ 16 ಇಂಗ್ಲಿಷ್ ಸಣ್ಣಕ್ಷರಗಳಾದರೆ ಅದೇ ಕಾರ್ಡ್‌ಗೆ 100 ಕೋಟಿ ವರ್ಷವೂ ಸಾಲದು.